ಡಿಪಿಪಿಎಚ್ ಪರೀಕ್ಷೆ

ಡಿಪಿಪಿಎಚ್ ಪರೀಕ್ಷೆಯು ಒಂದು ವಸ್ತುವಿಗೆ ಮುಕ್ತ ರ‍್ಯಾಡಿಕಲ್‌ಗಳನ್ನು ತಣಿಸುವ ಸಾಮರ್ಥ್ಯ ಎಷ್ಟಿದೆ ಎಂಬುದನ್ನು ಬಣ್ಣದ ಇಳಿತದ ಮೂಲಕ ಅಳೆಯುವ ಪ್ರಯೋಗಾಲಯ ವಿಧಾನವಾಗಿದೆ. ಸಸ್ಯಗಳ ಸಾರ, ಹಣ್ಣಿನ ರಸ, ಚಹಾ ಮೊದಲಾದವುಗಳ ಉತ್ಕರ್ಷಣ ನಿರೋಧಕ (ಆಂಟಿಆಕ್ಸಿಡೆಂಟ್) ಗುಣವನ್ನು ಹೋಲಿಸಲು ಇದನ್ನು ಬಳಸುತ್ತಾರೆ. ಫಲಿತಾಂಶವನ್ನು ಶೇಕಡಾ ಪ್ರತಿಬಂಧವಾಗಿ ಮತ್ತು ಅರ್ಧ ಪ್ರತಿಬಂಧಕ ಸಾರತೆ, ಅಂದರೆ ಐಸಿ50 ಎಂಬ ಸಂಖ್ಯೆಯಾಗಿ ಹೇಳಲಾಗುತ್ತದೆ. ಐಸಿ50 ಕಡಿಮೆಯಾದಷ್ಟೂ ವಸ್ತುವಿನ ಸಾಮರ್ಥ್ಯ ಹೆಚ್ಚು. ಆದರೆ ಈ ಸಂಖ್ಯೆ ವಸ್ತುವಿನ ಗುಣವನ್ನು ಮಾತ್ರವಲ್ಲದೆ, ಪರೀಕ್ಷೆಯಲ್ಲಿ ಬಳಸಿದ ಬಣ್ಣದ ಪ್ರಮಾಣವನ್ನೂ ಅವಲಂಬಿಸಿರುತ್ತದೆ.

== ತತ್ತ್ವ ==

ಜೋಡಿಯಿಲ್ಲದ ಒಂಟಿ ಇಲೆಕ್ಟ್ರಾನ್ ಹೊಂದಿರುವ ಅಣುವನ್ನು ಮುಕ್ತ ರ‍್ಯಾಡಿಕಲ್ ಎನ್ನುತ್ತಾರೆ. ಇಂತಹ ಅಣುಗಳಲ್ಲಿ ಹೆಚ್ಚಿನವು ಕ್ಷಣಮಾತ್ರದಲ್ಲಿ ಬೇರೊಂದು ಅಣುವಿನೊಂದಿಗೆ ವರ್ತಿಸಿ ಮಾಯವಾಗುತ್ತವೆ. ಡಿಪಿಪಿಎಚ್ (2,2-ಡೈಫಿನೈಲ್-1-ಪಿಕ್ರಿಲ್‌ಹೈಡ್ರಜಿಲ್) ಇದಕ್ಕೆ ಅಪವಾದ. ಅದರ ಒಂಟಿ ಇಲೆಕ್ಟ್ರಾನ್ ಇಡೀ ಅಣುವಿನಲ್ಲಿ ಹರಡಿಕೊಂಡಿರುವುದರಿಂದಲೂ, ಸುತ್ತಲಿನ ದೊಡ್ಡ ಗುಂಪುಗಳು ಅದನ್ನು ಮರೆಮಾಡಿರುವುದರಿಂದಲೂ ಅದನ್ನು ಪುಡಿಯ ರೂಪದಲ್ಲಿ ಸೀಸೆಯಲ್ಲಿ ಕಾಪಾಡಬಹುದು. ಗೋಲ್ಡ್‌ಶ್ಮಿಟ್ ಮತ್ತು ರೆನ್ ಇದನ್ನು 1922ರಲ್ಲಿ ವರದಿ ಮಾಡಿದರು. ಉತ್ಕರ್ಷಣ ನಿರೋಧಕಗಳನ್ನು ಅಳೆಯಲು ಇದನ್ನು ಬಳಸುವ ವಿಧಾನವನ್ನು ಬ್ಲಾಯ್ಸ್ 1958ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಮೆಥನಾಲ್‌ನಲ್ಲಿ ಕರಗಿಸಿದಾಗ ಡಿಪಿಪಿಎಚ್ ಗಾಢ ನೇರಳೆ ಬಣ್ಣ ತಾಳುತ್ತದೆ ಮತ್ತು ಸುಮಾರು 517 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಬಲವಾಗಿ ಹೀರುತ್ತದೆ. ಉತ್ಕರ್ಷಣ ನಿರೋಧಕವು ಅದಕ್ಕೆ ಹೈಡ್ರೋಜನ್ ಪರಮಾಣುವನ್ನೋ ಇಲೆಕ್ಟ್ರಾನನ್ನೋ ಒದಗಿಸಿದಾಗ ಒಂಟಿ ಇಲೆಕ್ಟ್ರಾನಿಗೆ ಜೋಡಿ ದೊರೆತು ನೇರಳೆ ಬಣ್ಣ ತಿಳಿಹಳದಿಗೆ ಇಳಿಯುತ್ತದೆ. ಈ ಇಳಿತವನ್ನು ಸ್ಪೆಕ್ಟ್ರೋಫೋಟೋಮೀಟರ್ ಉಪಕರಣದಿಂದ ಅಳೆಯುತ್ತಾರೆ.

== ವಿಧಾನ ==

ಡಿಪಿಪಿಎಚ್‌ನ ಅಣುತೂಕ ಸುಮಾರು 394. ಆದುದರಿಂದ 3.94 ಮಿಲಿಗ್ರಾಂ ಪುಡಿಯನ್ನು 100 ಮಿಲಿಲೀಟರ್ ಮೆಥನಾಲ್‌ನಲ್ಲಿ ಕರಗಿಸಿದರೆ 0.1 ಮಿಲಿಮೋಲಾರ್, ಅಂದರೆ 100 ಮೈಕ್ರೋಮೋಲಾರ್ ಸಾರತೆಯ ದ್ರಾವಣ ದೊರೆಯುತ್ತದೆ. ಬೆಳಕು ತಾಗದಂತೆ ಇದನ್ನು ಕಂದು ಸೀಸೆಯಲ್ಲಿ ಇರಿಸಿ, ಅಂದಂದಿನ ದ್ರಾವಣವನ್ನು ಅಂದಂದೇ ಸಿದ್ಧಪಡಿಸಿಕೊಳ್ಳುವುದು ವಾಡಿಕೆ.

ಪರೀಕ್ಷಿಸಬೇಕಾದ ವಸ್ತುವಿನ ಹಲವು ಸಾರತೆಗಳ ದ್ರಾವಣಗಳನ್ನು ಮೆಥನಾಲ್‌ನಲ್ಲಿ ತಯಾರಿಸುತ್ತಾರೆ. ಪ್ರತಿಯೊಂದು ನಳಿಕೆಯಲ್ಲಿಯೂ 2 ಮಿಲಿಲೀಟರ್ ಡಿಪಿಪಿಎಚ್ ದ್ರಾವಣಕ್ಕೆ 2 ಮಿಲಿಲೀಟರ್ ವಸ್ತುವಿನ ದ್ರಾವಣವನ್ನು ಬೆರೆಸಿ, 30 ನಿಮಿಷ ಕತ್ತಲೆಯಲ್ಲಿಟ್ಟು, 517 ನ್ಯಾನೊಮೀಟರಿನಲ್ಲಿ ಬೆಳಕಿನ ಹೀರಿಕೆಯನ್ನು ಅಳೆಯುತ್ತಾರೆ. ಒಂದು ನಳಿಕೆಯಲ್ಲಿ ವಸ್ತುವಿನ ಬದಲು ಬರಿಯ ಮೆಥನಾಲ್ ಬೆರೆಸುತ್ತಾರೆ, ಇದು ನಿಯಂತ್ರಣ. ಸಮಪ್ರಮಾಣದಲ್ಲಿ ಬೆರೆಸಿದ್ದರಿಂದ ಎರಡು ದ್ರಾವಣಗಳ ಸಾರತೆಯೂ ಅರ್ಧಕ್ಕಿಳಿಯುತ್ತದೆ. ಡಿಪಿಪಿಎಚ್‌ನ ಅಂತಿಮ ಸಾರತೆ 50 ಮೈಕ್ರೋಮೋಲಾರ್ ಆಗುತ್ತದೆ. ವಸ್ತುವಿನ ಸಾರತೆಯನ್ನೂ ಬೆರೆಸಿದ ಅನಂತರದ ಅಂತಿಮ ಪ್ರಮಾಣದಲ್ಲಿಯೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೀಸೆಯ ಮೇಲೆ ಬರೆದ ಸಾರತೆಯನ್ನೇ ಬಳಸಿದರೆ ಐಸಿ50 ಎರಡು ಪಟ್ಟು ಹೆಚ್ಚಾಗಿ ಕಾಣುತ್ತದೆ.

== ಲೆಕ್ಕಾಚಾರ ==

ಶೇಕಡಾ ಪ್ರತಿಬಂಧವನ್ನು ಕಂಡುಹಿಡಿಯುವ ಸೂತ್ರ ಹೀಗಿದೆ:

ಶೇಕಡಾ ಪ್ರತಿಬಂಧ = (ನಿಯಂತ್ರಣದ ಹೀರಿಕೆ − ಮಾದರಿಯ ಹೀರಿಕೆ) ÷ ನಿಯಂತ್ರಣದ ಹೀರಿಕೆ × 100

ಆಸ್ಕಾರ್ಬಿಕ್ ಆಮ್ಲವನ್ನು (ಸಿ ಜೀವಸತ್ವ) ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ನಿಯಂತ್ರಣದ ಹೀರಿಕೆ 0.600 ಇದೆ ಎಂದಿಟ್ಟುಕೊಳ್ಳೋಣ. ಅಂತಿಮ ಸಾರತೆ ಮಿಲಿಲೀಟರಿಗೆ 1.0, 2.0, 2.5 ಮತ್ತು 3.0 ಮೈಕ್ರೋಗ್ರಾಂ ಇರುವ ನಳಿಕೆಗಳಲ್ಲಿ ಹೀರಿಕೆಯು ಅನುಕ್ರಮವಾಗಿ 0.464, 0.328, 0.259 ಮತ್ತು 0.191 ಬಂದರೆ, ಪ್ರತಿಬಂಧವು ಶೇ. 22.7, 45.3, 56.8 ಮತ್ತು 68.2 ಆಗುತ್ತದೆ.

ಶೇ. 50 ಎಂಬುದು 2.0 ಮತ್ತು 2.5ರ ನಡುವೆ ಬೀಳುತ್ತದೆ. ಈ ಅರ್ಧ ಮೈಕ್ರೋಗ್ರಾಂ ಅಂತರದಲ್ಲಿ ಪ್ರತಿಬಂಧ ಶೇ. 11.5ರಷ್ಟು ಏರಿದೆ, 45.3ರಿಂದ 50ಕ್ಕೆ ಏರಬೇಕಾದದ್ದು 4.7. ಆದುದರಿಂದ ಐಸಿ50 = 2.0 + (4.7 ÷ 11.5) × 0.5, ಅಂದರೆ ಮಿಲಿಲೀಟರಿಗೆ ಸುಮಾರು 2.2 ಮೈಕ್ರೋಗ್ರಾಂ.

ಶೇ. 50ರ ಎರಡೂ ಬದಿಗಳಲ್ಲಿ ಅಳತೆಗಳಿರುವುದು ಅಗತ್ಯ. ಡಿಪಿಪಿಎಚ್ ಬಹುಪಾಲು ಮುಗಿದ ಮೇಲೆ ಸಾರತೆಯನ್ನು ಎಷ್ಟು ಹೆಚ್ಚಿಸಿದರೂ ಪ್ರತಿಬಂಧ ಏರದೆ ಸಮತಟ್ಟಾಗುತ್ತದೆ. ಆ ಸಮತಟ್ಟಿನ ಬಿಂದುಗಳನ್ನೂ ಸೇರಿಸಿ ಒಂದೇ ಸರಳರೇಖೆ ಎಳೆದರೆ ರೇಖೆ ಓರೆಯಾಗುತ್ತದೆ. ವಸ್ತುವಿನ ಸಾರತೆ ಸೊನ್ನೆಯಿರುವಲ್ಲಿಯೂ ರೇಖೆಯು ಶೇ. 30ರಷ್ಟು ಪ್ರತಿಬಂಧ ತೋರಿಸುತ್ತಿದ್ದರೆ ಈ ತಪ್ಪು ನಡೆದಿದೆಯೇ ಎಂದು ಶಂಕಿಸಬೇಕು.

== ಉತ್ತರವನ್ನು ಪರಿಶೀಲಿಸುವ ಬಗೆ ==

ಮೇಲಿನ ಉತ್ತರ ಸರಿಯೇ ಎಂದು ತಿಳಿಯಲು ಬೇರೊಂದು ದಾರಿಯಿದೆ. ಆಸ್ಕಾರ್ಬಿಕ್ ಆಮ್ಲದ ಒಂದು ಅಣು ಎರಡು ಡಿಪಿಪಿಎಚ್ ಅಣುಗಳನ್ನು ತಣಿಸುತ್ತದೆ. ನಳಿಕೆಯಲ್ಲಿರುವ 50 ಮೈಕ್ರೋಮೋಲಾರ್ ಡಿಪಿಪಿಎಚ್‌ನ ಅರ್ಧ, ಅಂದರೆ 25 ಮೈಕ್ರೋಮೋಲಾರ್ ತಣಿಯಬೇಕಾದರೆ 12.5 ಮೈಕ್ರೋಮೋಲಾರ್ ಆಮ್ಲ ಸಾಕು. ಆಮ್ಲದ ಅಣುತೂಕ 176 ಆದುದರಿಂದ ಇದು ಮಿಲಿಲೀಟರಿಗೆ 2.2 ಮೈಕ್ರೋಗ್ರಾಂ ಆಗುತ್ತದೆ. ಎರಡು ದಾರಿಗಳೂ ಒಂದೇ ಉತ್ತರ ಕೊಡುತ್ತವೆ.

ಇದೇ ಲೆಕ್ಕ ಐಸಿ50ರ ಮಿತಿಯನ್ನೂ ತೋರಿಸುತ್ತದೆ. ನಳಿಕೆಯಲ್ಲಿನ ಡಿಪಿಪಿಎಚ್ 100 ಮೈಕ್ರೋಮೋಲಾರ್ ಆಗಿದ್ದರೆ ಅದೇ ಆಮ್ಲದ ಐಸಿ50 4.4 ಆಗುತ್ತಿತ್ತು. ವಸ್ತು ಬದಲಾಗಿಲ್ಲ, ತಣಿಸಬೇಕಾದ ಅಣುಗಳ ಸಂಖ್ಯೆ ಮಾತ್ರ ಇಮ್ಮಡಿಯಾಗಿದೆ. ಆದಕಾರಣ ಬೇರೆ ಬೇರೆ ಪ್ರಯೋಗಾಲಯಗಳ ಐಸಿ50 ಸಂಖ್ಯೆಗಳನ್ನು ಡಿಪಿಪಿಎಚ್‌ನ ಅಂತಿಮ ಸಾರತೆ ತಿಳಿಯದೆ ಹೋಲಿಸಲಾಗದು. ಪ್ರತಿ ಸಲವೂ ಆಸ್ಕಾರ್ಬಿಕ್ ಆಮ್ಲವನ್ನು ಜೊತೆಯಲ್ಲಿಯೇ ಪರೀಕ್ಷಿಸಿ ಅದರ ಮೌಲ್ಯವನ್ನೂ ವರದಿ ಮಾಡುವುದು ಈ ಕಾರಣಕ್ಕಾಗಿಯೇ.

== ಬಣ್ಣದ ಸಾರಗಳು ==

ಮಾದರಿಗೆ ತನ್ನದೇ ಬಣ್ಣವಿದ್ದರೆ ಲೆಕ್ಕ ತಪ್ಪುತ್ತದೆ. ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ಪುನರ್ಪುಳಿ ಅಥವಾ ಮುರುಗಲ ಹಣ್ಣಿನ ಸಿಪ್ಪೆಯಲ್ಲಿರುವ ಆಂಥೋಸಯನಿನ್ ಎಂಬ ಕೆಂಪು ವರ್ಣದ್ರವ್ಯಗಳು ಡಿಪಿಪಿಎಚ್ ಬೆಳಕನ್ನು ಹೀರುವ ತರಂಗಾಂತರದ ಆಸುಪಾಸಿನಲ್ಲಿಯೇ ಬೆಳಕನ್ನು ಹೀರುತ್ತವೆ. ಇಂತಹ ಸಾರ ಬೆರೆಸಿದ ನಳಿಕೆಯ ಹೀರಿಕೆ 0.390 ಬಂತೆಂದರೆ, ನಿಯಂತ್ರಣ 0.600 ಇರುವಾಗ ಪ್ರತಿಬಂಧ ಶೇ. 35 ಎಂದು ತೋರುತ್ತದೆ. ಆದರೆ ಅಷ್ಟೇ ಸಾರವನ್ನು ಡಿಪಿಪಿಎಚ್ ಇಲ್ಲದ ಮೆಥನಾಲ್‌ಗೆ ಬೆರೆಸಿ ಅಳೆದಾಗ 0.090 ಬಂದರೆ, ಅಷ್ಟು ಹೀರಿಕೆ ಸಾರದ ಸ್ವಂತ ಬಣ್ಣದ್ದು. ಅದನ್ನು ಕಳೆದರೆ ಉಳಿಯುವುದು 0.300; ನಿಜವಾದ ಪ್ರತಿಬಂಧ ಶೇ. 50. ಆದುದರಿಂದ ಬಣ್ಣವುಳ್ಳ ಮಾದರಿಯ ಪ್ರತಿಯೊಂದು ಸಾರತೆಗೂ ಇಂತಹ ಪ್ರತ್ಯೇಕ ನಳಿಕೆ ಇರಬೇಕು.

== ಮಿತಿಗಳು ==

30 ನಿಮಿಷದ ಅವಧಿ ರೂಢಿಯಿಂದ ಬಂದದ್ದು. ಆಸ್ಕಾರ್ಬಿಕ್ ಆಮ್ಲದ ಕ್ರಿಯೆ ಕೆಲವೇ ನಿಮಿಷಗಳೊಳಗೆ ಮುಗಿಯುತ್ತದೆ. ಕೆಲವು ಫೀನಾಲಿಕ್ ಸಂಯುಕ್ತಗಳಿಗೆ ಗಂಟೆಗಳೇ ಬೇಕಾಗುತ್ತವೆ. ಹೀರಿಕೆ ಇನ್ನೂ ಇಳಿಯುತ್ತಿರುವಾಗಲೇ ಅಳೆದರೆ ನಿಧಾನವಾಗಿ ವರ್ತಿಸುವ ವಸ್ತು ದುರ್ಬಲವೆಂದು ಕಾಣಿಸುತ್ತದೆ. ಹತ್ತು ನಿಮಿಷಗಳ ಅನಂತರ ಮತ್ತೆ ಅಳೆದು ನೋಡಿದರೆ ಈ ದೋಷ ತಿಳಿದುಬರುತ್ತದೆ.

ಡಿಪಿಪಿಎಚ್ ಮನುಷ್ಯನ ದೇಹದಲ್ಲಿ ಇರುವ ರ‍್ಯಾಡಿಕಲ್ ಅಲ್ಲ. ಪರೀಕ್ಷೆಯು ಮೆಥನಾಲ್‌ನಲ್ಲಿ ನಡೆಯುತ್ತದೆಯೇ ಹೊರತು ರಕ್ತದಲ್ಲಲ್ಲ. ಸೇವಿಸಿದ ವಸ್ತು ಜೀರ್ಣವಾಗಿ ಅಂಗಾಂಶವನ್ನು ತಲುಪುತ್ತದೆಯೇ ಎಂಬುದನ್ನು ಅದು ಹೇಳಲಾರದು. ಕಡಿಮೆ ಐಸಿ50 ಇರುವ ಸಾರವು ನಳಿಕೆಯಲ್ಲಿ ಡಿಪಿಪಿಎಚ್ ಅನ್ನು ಚೆನ್ನಾಗಿ ತಣಿಸುತ್ತದೆ ಎಂದಷ್ಟೇ ಈ ಪರೀಕ್ಷೆಯಿಂದ ಹೇಳಬಹುದು; ಅದು ರೋಗವನ್ನು ಗುಣಪಡಿಸುತ್ತದೆ ಎಂಬ ತೀರ್ಮಾನಕ್ಕೆ ಇದು ಆಧಾರವಾಗದು.