ಇ-ಮೇಲ್ ಮೂಲಕ ಪರಿಚಯಿಸಲ್ಪಟ್ಟವರು ಉತ್ತರಿಸಬೇಕಾದ ಕ್ರಮ

ಪೀಠಿಕೆ

ಇಬ್ಬರನ್ನೂ ಬಲ್ಲ ಮೂರನೆಯ ವ್ಯಕ್ತಿಯೊಬ್ಬರು ಒಂದೇ ಇ-ಮೇಲ್‌ನಲ್ಲಿ ಇಬ್ಬರ ವಿಳಾಸವನ್ನೂ ಸೇರಿಸಿ, ಪರಸ್ಪರ ಪರಿಚಯ ಮಾಡಿಕೊಡುವ ಪದ್ಧತಿ ಉದ್ಯೋಗ ಮತ್ತು ವ್ಯಾಪಾರ ಕ್ಷೇತ್ರಗಳಲ್ಲಿ ರೂಢಿಯಲ್ಲಿದೆ. ಇಂತಹ ಪತ್ರದಲ್ಲಿ ಪರಿಚಯಿಸಲ್ಪಟ್ಟವರು ಹೇಗೆ ಉತ್ತರಿಸಬೇಕು, ಪರಿಚಯಿಸಿದವರನ್ನು ಮುಂದಿನ ಪತ್ರವ್ಯವಹಾರದಿಂದ ಹೇಗೆ ಬಿಡುಗಡೆ ಮಾಡಬೇಕು ಹಾಗೂ ಮುಂದಿನ ಹೆಜ್ಜೆಯನ್ನು ಹೇಗೆ ನಿಗದಿಪಡಿಸಬೇಕು ಎಂಬ ಬಗ್ಗೆ ಮಾಹಿತಿಯನ್ನು ಈ ಕೆಳಗೆ ನೀಡಲಾಗಿದೆ.

1. ಯಾರು ಮೊದಲು ಬರೆಯಬೇಕು, ಎಷ್ಟು ಅವಧಿಯೊಳಗೆ?

ಪರಿಚಯದಿಂದ ಯಾರಿಗೆ ಹೆಚ್ಚಿನ ಪ್ರಯೋಜನವಿದೆಯೋ, ಅಥವಾ ಪರಿಚಯ ಮಾಡಿಕೊಡುವಂತೆ ಯಾರು ಕೇಳಿಕೊಂಡಿದ್ದರೋ, ಅವರೇ ಮೊದಲು ಬರೆಯತಕ್ಕದ್ದು. ಎದುರಿನವರು ಹಿರಿಯರು, ಅವರೇ ಮೊದಲು ಬರೆಯಲಿ ಎಂದು ಕಾಯುವುದು ಸರಿಯಲ್ಲ. ಪತ್ರ ತಲುಪಿದ ದಿನವೇ, ತಪ್ಪಿದಲ್ಲಿ ಮರುದಿನ, ಉತ್ತರ ಕಳುಹಿಸುವುದು ಸೂಕ್ತ. ಪರಿಚಯಿಸಿದವರು ತಮ್ಮ ಮಾತಿನ ಮೇಲೆ ನಿಮ್ಮನ್ನು ಒಪ್ಪಿಸಿರುತ್ತಾರೆ. ಒಂದು ವಾರ ಮೌನವಾಗಿದ್ದರೆ ಅವರೇ ಎದುರಿನವರ ಬಳಿ ಸಮಜಾಯಿಷಿ ನೀಡಬೇಕಾದ ಪ್ರಸಂಗ ಬರುತ್ತದೆ. ಮುಂದೆ ಇನ್ನೊಬ್ಬರನ್ನು ಪರಿಚಯಿಸಲು ಅವರು ಹಿಂಜರಿಯುತ್ತಾರೆ. ಕೇಳಿದ ಮಾಹಿತಿ ಇನ್ನೂ ಸಿದ್ಧವಿಲ್ಲದಿದ್ದರೂ ಉತ್ತರ ತಡೆಹಿಡಿಯದೆ, ಮಾಹಿತಿಯನ್ನು ಯಾವ ದಿನ ಕಳುಹಿಸಲಾಗುವುದು ಎಂದು ತಿಳಿಸಿದರೆ ಸಾಕು.

2. ವಿಳಾಸದ ಕಾಲಂಗಳನ್ನು ಭರ್ತಿ ಮಾಡುವ ವಿಧಾನ

ಮೊದಲ ಉತ್ತರಕ್ಕೆ Reply ಬದಲು Reply all ಒತ್ತಬೇಕು. ಬರಿಯ Reply ಒತ್ತಿದರೆ ಪತ್ರವು ಪರಿಚಯಿಸಿದವರಿಗೆ ಮಾತ್ರ ಹೋಗುತ್ತದೆ, ಎದುರಿನವರಿಗೆ ತಲುಪುವುದೇ ಇಲ್ಲ. Reply all ಒತ್ತಿದಾಗ ಪರಿಚಯಿಸಿದವರ ವಿಳಾಸವು To ಕಾಲಂನಲ್ಲಿ ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ಅದನ್ನು ಅಲ್ಲಿಂದ ತೆಗೆದು Bcc ಕಾಲಂನಲ್ಲಿ ನಮೂದಿಸಬೇಕು. To ಕಾಲಂನಲ್ಲಿ ಎದುರಿನವರ ವಿಳಾಸ ಮಾತ್ರ ಇರಬೇಕು.

ಹೀಗೆ ಮಾಡುವುದಕ್ಕೆ ಕಾರಣವಿದೆ. Bcc ಕಾಲಂನಲ್ಲಿರುವವರಿಗೆ ನಿಮ್ಮ ಈ ಒಂದು ಪತ್ರ ತಲುಪುತ್ತದೆ. ನೀವು ಉತ್ತರಿಸಿದ್ದೀರಿ ಎಂಬುದು ಅವರಿಗೆ ಖಚಿತವಾಗುತ್ತದೆ. ಆದರೆ ಎದುರಿನವರು ನಿಮ್ಮ ಪತ್ರಕ್ಕೆ Reply all ಒತ್ತಿ ಉತ್ತರಿಸಿದರೂ ಅದು ಅವರಿಗೆ ಹೋಗುವುದಿಲ್ಲ. ಅವರನ್ನು Cc ಕಾಲಂನಲ್ಲಿ ಉಳಿಸಿದರೆ, ದಿನ ಮತ್ತು ವೇಳೆ ಗೊತ್ತುಮಾಡುವ ಪ್ರತಿಯೊಂದು ಪತ್ರವೂ ಅವರ ಅಂಚೆಪೆಟ್ಟಿಗೆಗೆ ಬಂದು ಬೀಳುತ್ತದೆ.

Bcc ಕಾಲಂನ ಹೆಸರು ಎದುರಿನವರಿಗೆ ಕಾಣಿಸುವುದಿಲ್ಲವಾದ್ದರಿಂದ, ಪರಿಚಯಿಸಿದವರನ್ನು ಅಲ್ಲಿಗೆ ವರ್ಗಾಯಿಸಿರುವುದನ್ನು ಪತ್ರದ ಮೊದಲ ಸಾಲಿನಲ್ಲಿಯೇ ಹೇಳಬೇಕು. ಹೇಳದಿದ್ದಲ್ಲಿ, ಅವರನ್ನು ಕೈಬಿಟ್ಟಿರುವಿರಿ ಎಂದು ಎದುರಿನವರು ಭಾವಿಸಬಹುದು. ಪತ್ರದ ವಿಷಯ ಸಾಲನ್ನು ಬದಲಿಸಬಾರದು. ಬದಲಿಸಿದರೆ ಜಿಮೇಲ್‌ನಂತಹ ಸೇವೆಗಳಲ್ಲಿ ಉತ್ತರವು ಪ್ರತ್ಯೇಕ ಪತ್ರವಾಗಿ ಕಾಣಿಸಿಕೊಂಡು, ನೀವು ಯಾರ ಮೂಲಕ ಬಂದವರು ಎಂಬುದು ಕಣ್ಣಿಗೆ ಬೀಳದೆ ಹೋಗುತ್ತದೆ.

3. ಮುಂದಿನ ಹೆಜ್ಜೆಯನ್ನು ನಮೂದಿಸುವ ವಿಧಾನ

“ತಮಗೆ ಯಾವಾಗ ಬಿಡುವಿದೆ ತಿಳಿಸಿ” ಎಂದು ಬರೆದಲ್ಲಿ ಕೆಲಸವು ಎದುರಿನವರ ಮೇಲೆ ಬೀಳುತ್ತದೆ. ಅವರು ತಮ್ಮ ದಿನಚರಿ ನೋಡಿ ಬರೆಯಬೇಕು, ಅದು ನಿಮಗೆ ಅನುಕೂಲವಾಗದಿದ್ದರೆ ಮತ್ತೆ ಬರೆಯಬೇಕು. ಹೀಗೆ ಮೂರು ನಾಲ್ಕು ದಿನ ಕಳೆಯುತ್ತದೆ. ಆದ್ದರಿಂದ ಎರಡು ನಿರ್ದಿಷ್ಟ ವೇಳೆಗಳನ್ನು ನೀವೇ ಸೂಚಿಸಿ, ಮಾತುಕತೆಗೆ ಎಷ್ಟು ನಿಮಿಷ ಬೇಕು ಹಾಗೂ ಯಾವ ವಿಷಯ ಎಂದು ತಿಳಿಸಿ, ದೂರವಾಣಿ ಸಂಖ್ಯೆಯನ್ನು ಕೊಡಬೇಕು. “ಎರಡನೆಯ ವೇಳೆ ಆಗಬಹುದು” ಎಂಬ ಒಂದೇ ಸಾಲಿನಲ್ಲಿ ಅವರು ಉತ್ತರಿಸುವಂತಿರಬೇಕು. ಬೆಲೆ, ಮುಂಗಡ ಹಣ, ವೇತನ ಮೊದಲಾದ ವಿಷಯಗಳನ್ನು ಮೊದಲ ಉತ್ತರದಲ್ಲಿ ಪ್ರಸ್ತಾಪಿಸುವ ಅಗತ್ಯವಿಲ್ಲ.

4. ಉದಾಹರಣೆ

ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಮರದ ಆಟಿಕೆ ತಯಾರಿಸುವ ಘಟಕವೊಂದರ ಮಾಲೀಕರನ್ನು, ಲಂಡನ್ನಿನಲ್ಲಿ ಆಟಿಕೆ ಅಂಗಡಿ ನಡೆಸುವ ಕನ್ನಡಿಗ ಮಹಿಳೆಯೊಬ್ಬರಿಗೆ ವಿನ್ಯಾಸ ಕಾಲೇಜಿನ ಅಧ್ಯಾಪಕರು ಪರಿಚಯಿಸಿದ್ದಾರೆಂದು ಭಾವಿಸೋಣ. ಜೂನ್ ತಿಂಗಳ ಒಂದು ಸೋಮವಾರ ಪರಿಚಯ ಪತ್ರ ಬಂದಿದೆ. ಅದೇ ಸಂಜೆ ಕಳುಹಿಸಬಹುದಾದ ಉತ್ತರದ ಮಾದರಿ ಹೀಗಿದೆ:

“ಸರ್, ಪರಿಚಯ ಮಾಡಿಕೊಟ್ಟಿದ್ದಕ್ಕೆ ಧನ್ಯವಾದಗಳು. ಮುಂದಿನ ಪತ್ರಗಳಿಂದ ತಮಗೆ ತೊಂದರೆಯಾಗದಿರಲೆಂದು ತಮ್ಮ ವಿಳಾಸವನ್ನು Bcc ಕಾಲಂಗೆ ವರ್ಗಾಯಿಸಿದ್ದೇನೆ.

ಮೇಡಂ, ನಮಸ್ಕಾರ. ನಮ್ಮ ಘಟಕದಲ್ಲಿ ಆಲೆ ಮರದಿಂದ ಗಿಲಕಿ ಮತ್ತು ಬುಗುರಿಗಳನ್ನು ತಯಾರಿಸುತ್ತೇವೆ. ತಾವು ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಹುಡುಕುತ್ತಿರುವುದಾಗಿ ಸರ್ ಬರೆದಿದ್ದಾರೆ. ಆಕಾರ ಹಾಗೂ ಅಳತೆ ತಿಳಿಯಲು ನಾಲ್ಕು ಮಾದರಿಗಳ ಚಿತ್ರಗಳಿರುವ ಒಂದು ಪುಟವನ್ನು ಲಗತ್ತಿಸಿದ್ದೇನೆ.

ಯಾವ ಮಾದರಿಗಳನ್ನು ಕಳುಹಿಸಬೇಕು ಮತ್ತು ತಮಗೆ ಯಾವ ಸುರಕ್ಷತಾ ಪರೀಕ್ಷಾ ವರದಿ ಬೇಕು ಎಂಬ ಎರಡು ವಿಷಯಗಳ ಬಗ್ಗೆ 20 ನಿಮಿಷ ಮಾತನಾಡಬಹುದೇ? ಬುಧವಾರ ಲಂಡನ್ ಸಮಯ ಬೆಳಿಗ್ಗೆ 10.00 (ಭಾರತದಲ್ಲಿ ಮಧ್ಯಾಹ್ನ 2.30) ಅಥವಾ ಗುರುವಾರ ಲಂಡನ್ ಸಮಯ ಬೆಳಿಗ್ಗೆ 11.30 (ಭಾರತದಲ್ಲಿ ಸಂಜೆ 4.00) ನನಗೆ ಅನುಕೂಲ. ಒಪ್ಪಿಗೆಯಾದ ವೇಳೆಗೆ ನಾನೇ ಕರೆ ಮಾಡುತ್ತೇನೆ. ನನ್ನ ದೂರವಾಣಿ ಸಂಖ್ಯೆ ಕೆಳಗಿದೆ. ತಮ್ಮ ಸಂಖ್ಯೆಯನ್ನು ದಯವಿಟ್ಟು ತಿಳಿಸಿ.”

ಇದರಲ್ಲಿ ಗಮನಿಸಬೇಕಾದ ಅಂಶವೆಂದರೆ, ವೇಳೆಯನ್ನು ಎರಡೂ ಊರುಗಳ ಗಡಿಯಾರದಂತೆ ಬರೆಯಲಾಗಿದೆ. ಬೇಸಿಗೆಯಲ್ಲಿ ಬ್ರಿಟನ್ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅಂತರ ನಾಲ್ಕೂವರೆ ಗಂಟೆ. ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ಐದೂವರೆ ಗಂಟೆ. ಇದೇ ಕರೆ ಡಿಸೆಂಬರಿನಲ್ಲಾದರೆ ಲಂಡನ್ನಿನ 10.00 ಗಂಟೆ ಎಂದರೆ ಇಲ್ಲಿ 3.30. ಕೇವಲ “ಬೆಳಿಗ್ಗೆ 10 ಗಂಟೆಗೆ” ಎಂದು ಬರೆದರೆ ಒಬ್ಬರು ಕಾಯುವುದು, ಇನ್ನೊಬ್ಬರು ನಿದ್ರೆಯಲ್ಲಿರುವುದು ಸಂಭವಿಸುತ್ತದೆ.

5. ಉತ್ತರ ಬಾರದಿದ್ದಲ್ಲಿ

ಐದು ಕೆಲಸದ ದಿನಗಳು ಕಳೆದ ಮೇಲೆ, ಅದೇ ಪತ್ರದ ಮುಂದುವರಿಕೆಯಾಗಿ, ಎರಡು ಹೊಸ ವೇಳೆಗಳೊಂದಿಗೆ ಒಂದು ಬಾರಿ ನೆನಪಿಸಬಹುದು. ಆಗ ಪರಿಚಯಿಸಿದವರನ್ನು ಮತ್ತೆ ಸೇರಿಸಬಾರದು; ಅದು ದೂರು ಹೇಳಿದಂತಾಗುತ್ತದೆ. ಎರಡನೆಯ ಪತ್ರಕ್ಕೂ ಉತ್ತರವಿಲ್ಲದಿದ್ದರೆ, ಪರಿಚಯಿಸಿದವರಿಗೆ ಪ್ರತ್ಯೇಕವಾಗಿ ಎರಡು ಸಾಲು ಬರೆದು ವಿಷಯ ತಿಳಿಸುವುದು. ಮಾತುಕತೆ ನಡೆದಿದ್ದಲ್ಲಿಯೂ ಅದರ ಫಲಿತಾಂಶವನ್ನು ಅವರಿಗೆ ತಿಳಿಸತಕ್ಕದ್ದು.

6. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎದುರಿನವರೇ ಮೊದಲು ಉತ್ತರಿಸಿದ್ದರೆ?
ಉತ್ತರ: ಅವರ ಪತ್ರಕ್ಕೇ ಉತ್ತರಿಸಿ. ಅವರು ಪರಿಚಯಿಸಿದವರನ್ನು ಈಗಾಗಲೇ Bcc ಕಾಲಂಗೆ ವರ್ಗಾಯಿಸಿದ್ದಲ್ಲಿ ಮತ್ತೆ ಸೇರಿಸಬೇಡಿ. ಬೇಕಿದ್ದಲ್ಲಿ ಧನ್ಯವಾದವನ್ನು ಪ್ರತ್ಯೇಕವಾಗಿ ಬರೆಯಿರಿ.

ಪ್ರಶ್ನೆ: ಈ ಪರಿಚಯ ನನಗೆ ಬೇಕಿಲ್ಲದಿದ್ದರೆ?
ಉತ್ತರ: ಆಗಲೂ ಮರುದಿನದೊಳಗೆ ಉತ್ತರಿಸಿ. ಸದ್ಯಕ್ಕೆ ಸಾಧ್ಯವಿಲ್ಲವೆಂದು, ಕಾರಣವನ್ನು ಒಂದೇ ಸಾಲಿನಲ್ಲಿ ತಿಳಿಸಿ. ಬರುವ ಉದ್ದೇಶವಿಲ್ಲದೆ ವೇಳೆ ನೀಡಬೇಡಿ.

ಪ್ರಶ್ನೆ: ಪರಿಚಯ ಪತ್ರವೇ ನಕಲಿಯಿರಬಹುದೆಂಬ ಅನುಮಾನವಿದ್ದರೆ?
ಉತ್ತರ: ಕಳುಹಿಸಿದವರ ಹೆಸರನ್ನಷ್ಟೇ ನೋಡದೆ ಪೂರ್ಣ ಇ-ಮೇಲ್ ವಿಳಾಸವನ್ನು ಪರಿಶೀಲಿಸಿ, ಪರಿಚಯಿಸಿದವರಿಗೆ ನೀವು ಮೊದಲೇ ಬಲ್ಲ ಸಂಖ್ಯೆಗೆ ಕರೆ ಮಾಡಿ ಕೇಳಿ. ಪತ್ರದಲ್ಲಿ ಕೊಟ್ಟಿರುವ ಸಂಖ್ಯೆಗೆ ಕರೆ ಮಾಡಬೇಡಿ.

ಸೂಚನೆ: ಮೊದಲ ಉತ್ತರದೊಂದಿಗೆ ಆಧಾರ್, ಪ್ಯಾನ್ ಅಥವಾ ಬ್ಯಾಂಕ್ ಖಾತೆಯ ವಿವರಗಳನ್ನು ಲಗತ್ತಿಸಬಾರದು.