ಕುಮಟೆಯಲ್ಲಿ ಬೆಳೆಯದ ಕುಮಟಾ ಹತ್ತಿ

ಕಾಗಾಲದಲ್ಲಿ ಯಾರೂ ಹತ್ತಿ ಬೆಳೆಯುವುದಿಲ್ಲ. ಅಘನಾಶಿನಿ ಹಿನ್ನೀರಿನ ಗಜನಿಗಳಲ್ಲಿ ಕಗ್ಗ ಭತ್ತ, ಮೇಲಿನ ಹಿತ್ತಿಲುಗಳಲ್ಲಿ ತೆಂಗು, ಇನ್ನೂ ಒಳಗೆ ಹೋದರೆ ಅಡಿಕೆ. ನಮ್ಮ ಮಳೆಗೆ ಹತ್ತಿ ಗಿಡ ನಿಂತಲ್ಲೇ ಕೊಳೆತೀತು. ಆದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಮಾರುಕಟ್ಟೆಯ ದರಪಟ್ಟಿಯಲ್ಲಿ ಒಂದು ಜಾತಿಯ ಹತ್ತಿಗೆ ನಮ್ಮ ತಾಲೂಕಿನ ಹೆಸರಿತ್ತು. ಅವರ ಬಾಯಲ್ಲಿ ಅದು 'ಕೂಂಪ್ಟಾ'.

ಹೆಸರು ಬಂದದ್ದು ಬೆಳೆದ ಹೊಲದಿಂದಲ್ಲ, ಹಡಗು ಹತ್ತಿದ ಬಂದರಿನಿಂದ. ಹತ್ತಿ ಬೆಳೆಯುತ್ತಿದ್ದದ್ದು ಘಟ್ಟದ ಮೇಲೆ, ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಎರೆಭೂಮಿಯಲ್ಲಿ. ಅಲ್ಲಿಂದ ಶಿರಸಿ ಮಾರ್ಗವಾಗಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಂದು, ಪತ್ತೆಮಾರಿಗಳಲ್ಲಿ ಮುಂಬಯಿಗೆ ಹೋಗಿ, ಅಲ್ಲಿಂದ ದೊಡ್ಡ ಹಡಗಿನಲ್ಲಿ ಲಿವರ್‌ಪೂಲಿಗೆ. ಬೆಳೆದ ರೈತನ ಊರಿನ ಹೆಸರು ದಾರಿಯಲ್ಲೇ ಎಲ್ಲೋ ಬಿದ್ದುಹೋಗುತ್ತಿತ್ತು.

ಈ ದಾರಿಗೆ ಒಂದು ದೊಡ್ಡ ತೊಡಕಿತ್ತು. ಅದನ್ನು ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಎರೆಹೊಲದಲ್ಲಿ ಹತ್ತಿ ಬಿತ್ತುವುದು ಮುಂಗಾರಿನ ಕೊನೆಗೆ, ಆಗಸ್ಟ್-ಸೆಪ್ಟೆಂಬರಿನಲ್ಲಿ. ಬಿಡಿಸುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಬಿಡಿಸಿದ ಹತ್ತಿಯಿಂದ ಕಾಳು ತೆಗೆದು, ಅರಳೆಯನ್ನು ಅಂಡಿಗೆ ಕಟ್ಟಿ, ಹುಬ್ಬಳ್ಳಿಯಿಂದ ಹೊರಟರೆ ಕುಮಟೆಗೆ ಸುಮಾರು 160 ಕಿಲೋಮೀಟರು. ಎತ್ತಿನ ನಡಿಗೆಯಲ್ಲಿ ಎಂಟು ಹತ್ತು ದಿನ. ಅಂದರೆ ಮಾಲು ಕಡಲಿಗೆ ಮುಟ್ಟುವ ಹೊತ್ತಿಗೆ ಏಪ್ರಿಲ್ ಕೊನೆಯೋ ಮೇ ತಿಂಗಳೋ ಆಗಿರುತ್ತಿತ್ತು. ಜೂನ್ ಬಂತೆಂದರೆ ಕಡಲು ಮುಚ್ಚಿತು. ಕುಮಟೆಯದ್ದು ಆಶ್ರಯವಿಲ್ಲದ ತೆರೆದ ಬಂದರು. ಹಡಗು ದೂರದಲ್ಲಿ ನಿಲ್ಲಬೇಕು, ಮಾಲು ಸಣ್ಣ ದೋಣಿಯಲ್ಲಿ ಹೋಗಬೇಕು. ಆ ನಾಲ್ಕಾರು ವಾರ ತಪ್ಪಿದ ಅಂಡಿಗೆಗಳು ಮಳೆಗಾಲವಿಡೀ ಗೋದಾಮಿನಲ್ಲಿ ತೇವ ಕುಡಿಯುತ್ತಾ ಕೂರಬೇಕಾಗುತ್ತಿತ್ತು. ನಷ್ಟ ಯಾರ ತಲೆಗೆ ಬರಬಹುದೆಂದು ವ್ಯಾಪಾರಿಗೆ ಮೊದಲೇ ಗೊತ್ತು. ಅದನ್ನು ಮುರಿದುಕೊಂಡೇ ರೈತನಿಗೆ ಬೆಲೆ ಕಟ್ಟುತ್ತಿದ್ದ.

ಮುಂಬಯಿಯಲ್ಲಿ ಹತ್ತಿ ವ್ಯಾಪಾರದ ಲೆಕ್ಕ ಖಂಡಿಯಲ್ಲಿ. ಒಂದು ಖಂಡಿ ಎಂದರೆ 784 ಪೌಂಡು, ನಮ್ಮ ಲೆಕ್ಕದಲ್ಲಿ ಸುಮಾರು 355 ಕಿಲೋ. ಹೇರೆತ್ತು ಒಂದಕ್ಕೆ ಕ್ವಿಂಟಾಲು ಎಂದಿಟ್ಟುಕೊಂಡರೆ ಒಂದೇ ಖಂಡಿ ಅರಳೆಗೆ ಮೂರು ನಾಲ್ಕು ಎತ್ತು ಬೇಕು. ಅಷ್ಟು ಅರಳೆಗೆ ಅದರ ನಾಲ್ಕು ಪಟ್ಟಿನಷ್ಟು ಕಾಳುಹತ್ತಿ ಬಿಡಿಸಬೇಕು. ಕಾಳು ತೆಗೆಯುವ ಕೆಲಸ ಹೆಚ್ಚಾಗಿ ಹೆಂಗಸರದ್ದು. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಎದುರಿಗೆ ಕೂತು, ಕಬ್ಬಿಣದ ಸರಳನ್ನು ಪಾದದಿಂದ ಉರುಳಿಸಿದರೆ ಕಾಳು ಮುಂದಕ್ಕೆ ಜಾರುತ್ತದೆ, ಅರಳೆ ಹಿಂದೆ ಉಳಿಯುತ್ತದೆ. ನಿಧಾನದ ಕೆಲಸ, ಆದರೆ ಎಳೆ ಹರಿಯುವುದಿಲ್ಲ.

ಲಿವರ್‌ಪೂಲಿಗೆ ನಮ್ಮ ಹತ್ತಿಯೇ ಬೇಕೆಂದೇನೂ ಇರಲಿಲ್ಲ. 1860ರ ಸುಮಾರಿಗೆ ಬ್ರಿಟನ್ನಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಬರುತ್ತಿದ್ದದ್ದು ಅಮೆರಿಕದ ದಕ್ಷಿಣದ ರಾಜ್ಯಗಳ ತೋಟಗಳಿಂದ. ಅಮೆರಿಕದಲ್ಲಿ ಆಗ ಸುಮಾರು 40 ಲಕ್ಷ ಮಂದಿ ಗುಲಾಮರಿದ್ದರು. ದಿನದ ಕೊನೆಗೆ ಪ್ರತಿಯೊಬ್ಬರು ಬಿಡಿಸಿದ ಹತ್ತಿಯನ್ನು ತೂಗಿ, ಕಡಿಮೆ ಬಂದವರಿಗೆ ಚಾಟಿ. ಹಾಗೆ ಬಂದ ಉದ್ದ ಎಳೆಯ, ಸ್ವಚ್ಛವಾದ ಹತ್ತಿಗೆ ತಕ್ಕ ಹಾಗೆಯೇ ಲ್ಯಾಂಕಾಶೈರಿನ ಯಂತ್ರಗಳನ್ನು ಹೊಂದಿಸಿಟ್ಟಿದ್ದರು. ಆ ಗಿರಣಿಯ ಕೂಲಿಯವನ ಹೊಟ್ಟೆಗೆ ಹೋಗುತ್ತಿದ್ದದ್ದೂ ತೋಟದ ಮಾಲೇ. ಬ್ರೆಡ್ಡಿನ ಜೊತೆ ಸಕ್ಕರೆ ಹಾಕಿದ ಚಹಾ. ಬ್ರಿಟಿಷ್ ವಸಾಹತುಗಳ ಸಕ್ಕರೆ ತೋಟಗಳಲ್ಲಿ ಗುಲಾಮಗಿರಿ 1830ರ ದಶಕದಲ್ಲಿ ಕಾನೂನಿನಿಂದ ನಿಂತಿತ್ತು. ಆಮೇಲೆ ಮಾರಿಷಸ್ ಮತ್ತು ಕೆರೆಬಿಯನ್ ದ್ವೀಪಗಳಿಗೆ ಕರಾರು ಬರೆಸಿಕೊಂಡು ಕಳಿಸಿದ್ದು ನಮ್ಮ ದೇಶದ ಕೂಲಿಗಳನ್ನೇ. ಅಸ್ಸಾಮಿನ ಚಹಾ ತೋಟಗಳಲ್ಲೂ ಕರಾರು ಮುರಿದ ಕೂಲಿಗೆ ಜೈಲಿತ್ತು. ಕಾಗಾಲದ ಹೋಟೆಲಿನಲ್ಲಿ ಬೆಳಿಗ್ಗೆ ನಾವು ಕುಡಿಯುವ ಚಾ ಮಾತ್ರ ಆಗ ಇಲ್ಲಿಗೆ ಬಂದಿರಲಿಲ್ಲ. ಭಾರತೀಯರಿಗೆ ಚಹಾ ಕುಡಿಯಲು ಕಲಿಸುವ ದೊಡ್ಡ ಪ್ರಚಾರ ಶುರುವಾದದ್ದು 1903ರ ಚಹಾ ಸೆಸ್ ಕಾನೂನಿನ ನಂತರ.

ಒಂದೇ ದೇಶದ ಹತ್ತಿಯನ್ನು ನೆಚ್ಚಿಕೊಂಡ ಭಯ ಬ್ರಿಟಿಷರಿಗೆ ಮೊದಲಿನಿಂದ ಇತ್ತು. ಅದಕ್ಕೆ 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತು ಮಂದಿ ತೋಟಗಾರರನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆಸಿತು. ಅವರಲ್ಲಿ ಮರ್ಸರ್ ಎಂಬಾತ ಧಾರವಾಡ ಜಿಲ್ಲೆಗೆ ಬಂದ. ಹುಬ್ಬಳ್ಳಿ ಪಕ್ಕದ ಕುಸುಗಲ್ಲಿನಲ್ಲಿ ಸರ್ಕಾರಿ ಪ್ರಯೋಗದ ಹೊಲ. ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜ, ಅಮೆರಿಕದ ನೇಗಿಲು, ಅಮೆರಿಕದ ಸಾಲು. ಕೊನೆಗೆ ಮರ್ಸರ್ ತಾನೇ ಸರ್ಕಾರಕ್ಕೆ ಬರೆದ: ಈ ಹೊಲಗಳು ದಂಡದ ಖರ್ಚು, ಅಮೆರಿಕದ ಪದ್ಧತಿ ಈ ದೇಶಕ್ಕೆ ಹೊಂದುವುದಿಲ್ಲ, ಇಲ್ಲಿನ ರೈತ ತನ್ನ ನೆಲ ಹವೆ ಅರಿತು ಯುರೋಪಿಯನ್ನರಿಗಿಂತ ಚೆನ್ನಾಗಿ, ಅಗ್ಗವಾಗಿ ಬೆಳೆಯಬಲ್ಲ. ಸಂಬಳಕ್ಕೆ ಬಂದವನು ಹೀಗೆ ಬರೆಯುವುದು ಅಪರೂಪ. ಈ ಇಡೀ ಕಥೆಯಲ್ಲಿ ನನಗೆ ಹಿಡಿಸಿದವನು ಅವನೊಬ್ಬನೇ.

ತೋಟ ಸೋತಿತು, ಬೀಜ ಮಾತ್ರ ಉಳಿಯಿತು. ಧಾರವಾಡದ ರೈತರು ನ್ಯೂ ಆರ್ಲಿಯನ್ಸ್ ಬೀಜವನ್ನು ತಮ್ಮ ಜೋಳ-ಹತ್ತಿಯ ಸರದಿಯೊಳಗೇ ಸೇರಿಸಿಕೊಂಡರು. 1860ರ ದಶಕದ ಆರಂಭದಲ್ಲಿ ಅದು ಲಕ್ಷ ಎಕರೆ ಮೀರಿತ್ತು. ಅದರ ಅರಳೆ ಕಾಳಿಗೆ ಬಲವಾಗಿ ಅಂಟುತ್ತದೆ, ಕಾಲಿನ ಸರಳಿಗೆ ಬಗ್ಗುವುದಿಲ್ಲ. ಅದಕ್ಕೆ ಗರಗಸದ ಹಲ್ಲಿನ ಜಿನ್ ಯಂತ್ರ ಬೇಕು. ಧಾರವಾಡದಲ್ಲಿ ಸರ್ಕಾರ ಅದರದ್ದೇ ಕಾರ್ಖಾನೆ ಇಟ್ಟಿತು. ಆ ಹತ್ತಿಗೆ 'ಧಾರವಾಡ-ಅಮೆರಿಕನ್' ಎಂದು ಹೆಸರು. ನಾಡ ಹತ್ತಿಯದ್ದು 'ಕುಮಟಾ'.

ಇಲ್ಲಿ ಗುಲಾಮರಿಲ್ಲದೆ ಹತ್ತಿ ಹೇಗೆ ಹೊರಟಿತು? ಎರೆಭೂಮಿ ಆಗಲೇ ಸಣ್ಣ ಹಿಡುವಳಿಗಳಾಗಿ ರೈತರ ಕೈಯಲ್ಲಿತ್ತು. ಸರ್ಕಾರಕ್ಕೆ ತೋಟ ಮಾಡುವ ಅಗತ್ಯವೇ ಇರಲಿಲ್ಲ, ಕಂದಾಯ ಸಾಕಿತ್ತು. ಕಂದಾಯವನ್ನು ರೊಕ್ಕದಲ್ಲೇ ಕಟ್ಟಬೇಕು. ಜೋಳ ಮನೆಗೆ ತಿನ್ನಲು, ರೊಕ್ಕ ಆಗುವುದು ಹತ್ತಿಯಿಂದ. ಕಂತು ಬೀಳುವ ಹೊತ್ತಿಗೆ ಹತ್ತಿ ಇನ್ನೂ ಗಿಡದ ಮೇಲೆ. ರೈತ ಸಾವ್ಕಾರನ ಹತ್ತಿರ ಹೋಗುತ್ತಾನೆ. ಸಾವ್ಕಾರ ನಿಂತ ಬೆಳೆಯ ಮೇಲೆ ಮುಂಗಡ ಕೊಡುತ್ತಾನೆ, ದರವನ್ನೂ ಅವನೇ ಹೇಳುತ್ತಾನೆ. ಚಾಟಿಯ ಕೆಲಸವನ್ನು ಇಲ್ಲಿ ಸಾಲದ ಪತ್ರ ಮಾಡಿತು. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಸಾಲಗಾರ ರೈತನ ಮಗುವನ್ನು ಯಾರೂ ಸಂತೆಯಲ್ಲಿ ಮಾರಲಿಲ್ಲ. ಆದರೆ ಹತ್ತಿಯ ಬದಲು ಬೇರೆ ಬಿತ್ತುತ್ತೇನೆ ಎನ್ನುವ ಸ್ವಾತಂತ್ರ್ಯವೂ ಅವನ ಕೈಯಲ್ಲಿ ಹೆಚ್ಚು ಉಳಿಯಲಿಲ್ಲ.

1861ರಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಮೆರಿಕ ಎರಡಾಗಿ ಕಾದಾಡಿತು. ಉತ್ತರದವರ ಹಡಗುಗಳು ದಕ್ಷಿಣದ ಬಂದರುಗಳನ್ನು ಮುಚ್ಚಿದವು. 1862ರ ಕೊನೆಗೆ ಲ್ಯಾಂಕಾಶೈರ್ ಕಡೆ ಸುಮಾರು 5 ಲಕ್ಷ ಜನ ಪರಿಹಾರದ ಅನ್ನಕ್ಕೆ ಕೈಯೊಡ್ಡಿದರು. ಪೌಂಡಿಗೆ ಏಳೆಂಟು ಪೆನ್ಸ್ ಇದ್ದ ಅಮೆರಿಕನ್ ಹತ್ತಿ 1864ರಲ್ಲಿ 30 ಪೆನ್ಸ್ ಹತ್ತಿರ ಹೋಯಿತು. ಆಗ ಎಲ್ಲರ ಕಣ್ಣೂ ಇತ್ತ ತಿರುಗಿತು.

ಬಂದ ಹತ್ತಿ ಅವರಿಗೆ ಹಿಡಿಸಲಿಲ್ಲ. ಕುಮಟಾ ಹತ್ತಿಯ ಎಳೆ ಅಮೆರಿಕದ್ದಕ್ಕಿಂತ ಗಿಡ್ಡ. ಬೇಸಗೆಯಲ್ಲಿ ಬಿಡಿಸುವಾಗ ಒಣಗಿದ ಎಲೆ ಪುಡಿಯಾಗಿ ಅರಳೆಯೊಳಗೆ ಸೇರುತ್ತದೆ. ಗಿರಣಿಯಲ್ಲಿ ನೂಲು ಪದೇ ಪದೇ ಹರಿದರೆ ತುಂಡಿನ ಲೆಕ್ಕದ ಕೂಲಿಯವನ ಸಂಬಳವೂ ಹರಿಯುತ್ತದೆ. ದೇವರೇ ಹತ್ತಿ ಕೊಡು, ಆದರೆ ಸೂರತ್ತಿನದ್ದು ಬೇಡ ಎಂದು ಅಲ್ಲಿನ ಕೂಲಿಗಳು ಪ್ರಾರ್ಥಿಸಿದ್ದರೆಂಬ ಮಾತೇ ಇದೆ. ಮುಂಬಯಿಯಿಂದ ಹೋದ ಹತ್ತಿಯೆಲ್ಲ ಅವರಿಗೆ ಸೂರತ್ತೇ.

ದರ ಏರಿದ ಹಾಗೆ ಕಲಬೆರಕೆಯೂ ಏರಿತು. ತೂಕಕ್ಕೆ ನೀರು ಚಿಮುಕಿಸುವುದು, ಕಾಳು, ಕಸ ಸೇರಿಸುವುದು, ಧಾರವಾಡ-ಅಮೆರಿಕನ್ ಅಂಡಿಗೆಯೊಳಗೆ ನಾಡ ಹತ್ತಿ ತುಂಬುವುದು. ನೀರು ಹಾಕಿದ ಅಂಡಿಗೆ ಒಳಗೆ ಬಿಸಿಯಾಗಿ ಅರಳೆ ಹಳದಿಯಾಗುತ್ತದೆ, ಕೈ ಹಾಕಿದರೆ ಮುಗ್ಗಲು ವಾಸನೆ. ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ಮೋಸದ ಕಾನೂನು ತಂದು ಇನ್ಸ್‌ಪೆಕ್ಟರುಗಳನ್ನು ನೇಮಿಸಿತು.

ನಮ್ಮ ನಕ್ಷೆ ಬದಲಾದದ್ದೂ ಈ ಗಡಿಬಿಡಿಯಲ್ಲೇ. ಧಾರವಾಡ ಮುಂಬಯಿ ಪ್ರಾಂತದಲ್ಲಿ, ಕುಮಟಾ-ಕಾರವಾರ ಮದ್ರಾಸ್ ಪ್ರಾಂತದಲ್ಲಿದ್ದವು. ಮುಂಬಯಿಯ ಹತ್ತಿಗೆ ರಸ್ತೆ ಮಾಡಲು ಮದ್ರಾಸಿಗೆ ಯಾಕೆ ಅವಸರ? ಕಾರವಾರದ ಆಳದ ಬಂದರಿನ ಮೇಲೆ ಮ್ಯಾಂಚೆಸ್ಟರಿನವರ ಕಣ್ಣಿತ್ತು. ಒತ್ತಡ ಹಾಕಿದರು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಲಾಯಿತು, ಕುಂದಾಪುರ ಮದ್ರಾಸಿನಲ್ಲೇ ಉಳಿಯಿತು. ಭಟ್ಕಳ ದಾಟಿದರೆ ಬೇರೆ ಪ್ರಾಂತ ಎಂಬ ಸ್ಥಿತಿ 1956ರವರೆಗೂ ಇತ್ತು. ನಮ್ಮ ಹಿರಿಯರ ಬಾಯಲ್ಲಿನ 'ಮಾಮಲೇದಾರ ಕಚೇರಿ' ಆ ಮುಂಬಯಿ ಕಾಲದ ಮಾತು.

ಮ್ಯಾಂಚೆಸ್ಟರ್ ಕಾಟನ್ ಕಂಪನಿ ಅಂಡಿಗೆ ಒತ್ತುವ ಯಂತ್ರಗಳನ್ನು ಸದಾಶಿವಗಡಕ್ಕೆ ಕಳಿಸಿತು. ಇಳಿಸಲು ಸರಿಯಾದ ಕಟ್ಟೆ ಇರಲಿಲ್ಲ, ಘಟ್ಟದ ರಸ್ತೆ ಮುಗಿದಿರಲಿಲ್ಲ. ಕಂಪನಿ ಹೆಚ್ಚು ದಿನ ಬಾಳಲಿಲ್ಲ. ಹತ್ತಿ ಹಳೆಯ ದಾರಿಯಲ್ಲೇ ಕುಮಟೆಗೆ ಇಳಿಯುತ್ತಿತ್ತು. ಮರಳುವ ಎತ್ತುಗಳ ಮೇಲೆ ಉಪ್ಪು, ತೆಂಗಿನಕಾಯಿ, ಜೊತೆಗೆ ಮುಂಬಯಿಯಿಂದ ಬಂದ ಗಿರಣಿ ಬಟ್ಟೆ. ಆ ಬಟ್ಟೆ ನೇಕಾರನ ಮಗ್ಗವನ್ನು ಏನು ಮಾಡಿತು ಎಂಬುದು ಇನ್ನೊಂದು ಲೇಖನದ ವಿಷಯ.

1865ರ ಏಪ್ರಿಲಿನಲ್ಲಿ ಅಮೆರಿಕದ ಯುದ್ಧ ಮುಗಿಯಿತು. ದರ ಬಿತ್ತು, ಮುಂಬಯಿಯ ಷೇರು ಕಂಪನಿಗಳು ಉರುಳಿದವು. ಹತ್ತಿ ಚೆನ್ನಾಗಿದ್ದಾಗ ಕೊಟ್ಟ ಸಾಲಗಳು ಮಾತ್ರ ಹಳೆಯ ಅಂಕಿಯಲ್ಲೇ ಉಳಿದವು. 1876-78ರ ಬರ ಧಾರವಾಡ ಸೀಮೆಗೆ ಬಂದಾಗ ರೈತನ ಬಳಿ ಅದನ್ನು ತಡೆಯುವ ಶಕ್ತಿ ಕಡಿಮೆ ಇತ್ತು.

ಕುಮಟೆಯ ಹತ್ತಿ ವ್ಯಾಪಾರ ಮುಗಿಸಿದ್ದು ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯಿಂದ ಲೋಂಡಾ ಮಾರ್ಗವಾಗಿ ಪೋರ್ಚುಗೀಸರ ಮರ್ಮಗೋವಾ ಬಂದರಿಗೆ ದಾರಿ ತೆರೆಯಿತು. ಘಟ್ಟ ಇಳಿಯಲು ಎತ್ತಿಗೆ ಬೇಕಿದ್ದ ವಾರ ಒಂದು ದಿನವಾಯಿತು. ಮಳೆಗಾಲದ ಭಯವೂ ಹೋಯಿತು. ಕರಾವಳಿಗೂ ಹುಬ್ಬಳ್ಳಿಗೂ ರೈಲು ಬೇಕೆಂಬ ನಮ್ಮ ಬೇಡಿಕೆ ಅಂದಿನದು. ಹುಬ್ಬಳ್ಳಿ-ಅಂಕೋಲಾ ಮಾರ್ಗದ ಸುದ್ದಿಯನ್ನು ನಾನೇ ಎಷ್ಟು ಸಲ ಕಳಿಸಿದ್ದೇನೋ ಲೆಕ್ಕವಿಲ್ಲ.

ಹತ್ತಿ ಬರುವುದು ನಿಂತಿತು, ಹೆಸರು ಮಾತ್ರ ನಿಲ್ಲಲಿಲ್ಲ. 1920ರ ದಶಕದಲ್ಲಿ ಧಾರವಾಡದ ಹತ್ತಿ ತಜ್ಞ ಜಿ. ಎಲ್. ಕೊಟ್ಟೂರ ಅವರು ಆ ನಾಡ ಹತ್ತಿಯ ಸುಧಾರಣೆಯ ಮೇಲೆ ಬರೆದ ಸರ್ಕಾರಿ ಪ್ರಬಂಧದ ಶೀರ್ಷಿಕೆಯಲ್ಲೂ ಇರುವುದು 'ಕುಮಟಾ ಹತ್ತಿ'. ಅಷ್ಟು ಹೊತ್ತಿಗೆ ಆ ಹತ್ತಿ ದೇವಿಮನೆ ಘಟ್ಟ ಇಳಿಯುವುದು ನಿಂತು ಒಂದು ತಲೆಮಾರು ಕಳೆದಿತ್ತು.