ಜೈವಿಕ ಸುರಕ್ಷತಾ ಕ್ಯಾಬಿನೆಟ್

ಸ್ಟೀಲಿನ ಮೈ, ಮುಂದೆ ಗಾಜು, ಒಳಗೆ ಹೆಪಾ ಫಿಲ್ಟರ್. 1960ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಬಗೆಯ ಕ್ಯಾಬಿನೆಟ್, ರೋಗಾಣು ಕೆಲಸಗಾರರ ಉಸಿರಿಗೆ ಸೇರದಂತೆ ಕಾಯುತ್ತದೆ.

ತಿಕೋಟಾದಲ್ಲೋ ಬಬಲೇಶ್ವರದಲ್ಲೋ ರೋಗಿಯೊಬ್ಬರು ಕೊಟ್ಟ ಕಫವನ್ನು ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಲು ಕೈಗವಸು ಮತ್ತು ಗಾಳಿಯಾಡುವ ಕೋಣೆ ಸಾಕು. ಅದೇ ಕಫದಿಂದ ಕ್ಷಯದ ಬ್ಯಾಕ್ಟೀರಿಯಾ ಬೆಳೆಸಿ, ಯಾವ ಔಷಧಕ್ಕೆ ಅದು ಬಗ್ಗುವುದಿಲ್ಲ ಎಂದು ಪರೀಕ್ಷಿಸುವಾಗ ಮಾತೇ ಬೇರೆ. ಕೊಳವೆಯೊಳಗೆ ಅದು ಲಕ್ಷಗಟ್ಟಲೆ ಹೆಚ್ಚಿರುತ್ತದೆ. ಕುಲುಕಿದರೆ ಕಣ್ಣಿಗೆ ಕಾಣದ ತುಂತುರು ಏಳುತ್ತದೆ. ಹಾಗಾಗಿ ಈ ಕೆಲಸಕ್ಕೆ ನಾಲ್ಕು ಸುರಕ್ಷತಾ ಹಂತಗಳಲ್ಲಿ ಮೂರನೆಯ ಹಂತದ ಪ್ರಯೋಗಾಲಯ ಬೇಕು: ಒಂದರ ಹಿಂದೊಂದು ಎರಡು ಬಾಗಿಲು, ಎನ್-95 ಮುಖಗವಸು, ಗಾಳಿ ಒಳಕ್ಕಷ್ಟೇ ಹರಿಯುವ ಕೋಣೆ. ಅಪಾಯ ರೋಗಾಣುವಿನಲ್ಲಿ ಮಾತ್ರವಲ್ಲ, ಅದರೊಡನೆ ಮಾಡುವ ಕೆಲಸದಲ್ಲೂ ಇದೆ.

ಒಂದನೇ ಹಂತದಲ್ಲಿ ನಿರುಪದ್ರವಿ ಜೀವಿಗಳು. ಕೋಟು ತೊಟ್ಟು, ಕೈ ತೊಳೆದರಾಯಿತು. ಎರಡನೆಯದರಲ್ಲಿ ಟೈಫಾಯ್ಡ್‌ನಂಥವು, ಸಿಡಿಯುವ ಕೆಲಸವೆಲ್ಲ ಕ್ಯಾಬಿನೆಟ್ಟಿನೊಳಗೆ.

ನಾಲ್ಕನೆಯದು ಅತಿ ಬಿಗಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸನ್ನು ಅಮೆರಿಕದ ಮಾರ್ಗಸೂಚಿಗಳು ಈ ಹಂತಕ್ಕೆ ಸೇರಿಸಿವೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಇಂಥ ಪ್ರಯೋಗಾಲಯವಿದೆ.

ಕ್ಯಾಬಿನೆಟ್ಟಿನ ಮುಂದಿನ ಅಂಚಿನ ಜಾಲರಿಯನ್ನು ಗಮನಿಸಿ. ಕೋಣೆಯ ಗಾಳಿ ಅಲ್ಲೇ ಒಳಸೇರುತ್ತದೆ. ಅದರ ಮೇಲೆ ಒಂದು ಕಾಗದವಿಟ್ಟರೂ ಗಾಳಿಯ ಪರದೆ ಹರಿದು, ಒಳಗಿನ ತುಂತುರು ಹೊರಬರಬಹುದು.